ಐವತ್ತೈದರ ಬೀಗ, ಇಪ್ಪತ್ತಮೂರರ ಕೀಲಿ

ದೇವಸ್ಥಾನದ ಹುಂಡಿಗೆ ಕಾಣಿಕೆ ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಊರಿನವರು, ಪರವೂರಿನವರು, ದಾರಿಹೋಕರು, ಯಾರು ಬೇಕಾದರೂ ಮೇಲಿನ ಸೀಳಿನಲ್ಲಿ ನೋಟು ತೂರಿಸಬಹುದು. ಒಮ್ಮೆ ಒಳಗೆ ಬಿದ್ದ ಮೇಲೆ ಹಾಕಿದವರ ಕೈಗೂ ಅದು ಎಟುಕುವುದಿಲ್ಲ. ತೆಗೆಯುವ ಕೀಲಿ ಇರುವುದು ಒಬ್ಬರ ಬಳಿ. ಆರ್‌ಎಸ್‌ಎ ಎಂಬ ಗೂಢಲಿಪಿ ಪದ್ಧತಿ ಸಂಖ್ಯೆಗಳಿಂದಲೇ ಕಟ್ಟಿದ ಇಂಥದೊಂದು ಹುಂಡಿ.

ಇದು ಬರುವ ಮೊದಲು, ಬೀಗ ಹಾಕುವ ಕೀಲಿಯೇ ತೆಗೆಯುವ ಕೀಲಿಯೂ ಆಗಿತ್ತು. ದೂರದಲ್ಲಿರುವವರಿಗೆ ಗುಟ್ಟಿನ ಮಾತು ಬರೆಯಬೇಕಾದರೆ ಮೊದಲು ಆ ಕೀಲಿಯನ್ನು ಗುಟ್ಟಾಗಿ ತಲುಪಿಸಬೇಕು. ಅದನ್ನು ಒಯ್ಯುವವನನ್ನೇ ಹಿಡಿದರೆ ಎಲ್ಲ ಮುಗಿಯಿತು. ಹಾಕುವ ಕೀಲಿ ಬೇರೆ, ತೆಗೆಯುವ ಕೀಲಿ ಬೇರೆ ಆಗಿರಲು ಸಾಧ್ಯವೇ ಎಂದು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಬರೆದರು. ಮರುವರ್ಷ ಅಮೆರಿಕದ ಎಂಐಟಿಯಲ್ಲಿ ರಾನ್ ರಿವೆಸ್ಟ್, ಅದಿ ಶಮೀರ್ ಮತ್ತು ಲೆನ್ ಏಡಲ್ಮನ್ ಅದನ್ನು ಮಾಡಿ ತೋರಿಸಿದರು. ಮೂವರ ಹೆಸರಿನ ಮೊದಲಕ್ಷರಗಳೇ ಆರ್‌ಎಸ್‌ಎ. (ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂನಲ್ಲಿ ಕ್ಲಿಫರ್ಡ್ ಕಾಕ್ಸ್ ಎಂಬ ಯುವ ಗಣಿತಜ್ಞ 1973ರಲ್ಲೇ ಇದೇ ಉಪಾಯವನ್ನು ಕಂಡಿದ್ದರು. ಆದರೆ ಅದು ಸರ್ಕಾರದ ಗುಟ್ಟು. ಹೊರಜಗತ್ತಿಗೆ ತಿಳಿದದ್ದು 1997ರಲ್ಲಿ.)

ಇವತ್ತು ಇದರಲ್ಲಿ ಬಳಸುವ ಸಂಖ್ಯೆಗಳು ಆರುನೂರು ಅಂಕಿಗಳಷ್ಟು ಉದ್ದ. ಅವನ್ನು ನೋಡಿದರೆ ಏನೂ ಅರ್ಥವಾಗುವುದಿಲ್ಲ. ಆದರೆ ಅದೇ ಯಂತ್ರವನ್ನು 5 ಮತ್ತು 11 ಎಂಬ ಪುಟ್ಟ ಸಂಖ್ಯೆಗಳಿಂದಲೂ ಕಟ್ಟಬಹುದು, ಆಗ ಒಳಗಿನ ಒಂದೊಂದು ಮೊಳೆಯೂ ಕಾಣುತ್ತದೆ. ಪಿಯುಸಿ ಓದುವ ನನ್ನ ತಂಗಿಯ ಮಗಳಿಗಾಗಿ ಒಂದು ಭಾನುವಾರ ಮಧ್ಯಾಹ್ನ ಅದನ್ನು ನೋಟ್‌ಬುಕ್ಕಿನಲ್ಲಿ ಕಟ್ಟಿದೆವು. ಹುಂಡಿಯ ಹೋಲಿಕೆ ಹೇಳಿದ ಕೂಡಲೆ ಅವಳು ಕೇಳಿದ್ದು ಸರಿಯಾದ ಪ್ರಶ್ನೆ: "ಮಾವ, ಹುಂಡಿ ಕಬ್ಬಿಣದ್ದು. ಇಲ್ಲಿ ಬರೀ ಲೆಕ್ಕ ತಾನೇ? ಹಾಕೋ ಲೆಕ್ಕ ಗೊತ್ತಿದ್ದವರು ಅದನ್ನೇ ಹಿಂದುಮುಂದು ಮಾಡಿ ತೆಗೀಬಹುದಲ್ಲ?"

ಮಾಡಬಹುದು. ಆದರೆ ಹಿಂದಕ್ಕೆ ಹೋಗಲು ಒಂದು ಸಂಖ್ಯೆ ತಿಳಿದಿರಬೇಕು, ಅದನ್ನು ಮಾಲೀಕ ಯಾರಿಗೂ ಹೇಳಿರುವುದಿಲ್ಲ. ನಮ್ಮ ಲೆಕ್ಕದಲ್ಲಿ ಆ ಸಂಖ್ಯೆ 40.

ಮೊದಲು ಅಕ್ಷರಗಳನ್ನು ಸಂಖ್ಯೆ ಮಾಡಿಕೊಳ್ಳಬೇಕು. ನಮ್ಮ ವರ್ಣಮಾಲೆಯನ್ನೇ ಸಾಲಾಗಿ ಎಣಿಸಿದೆವು. ಅ 1, ಆ 2, ಹೀಗೆ ಔ 13, ಅಂ 14, ಅಃ 15. ಕ 16ರಿಂದ ಶುರುವಾಗಿ ವರ್ಗೀಯ ವ್ಯಂಜನಗಳು ಮ 40ರವರೆಗೆ. ಆಮೇಲೆ ಯ 41, ರ 42, ಲ 43, ವ 44, ಶ 45, ಷ 46, ಸ 47, ಹ 48, ಳ 49. ಕಾಗುಣಿತ, ಒತ್ತಕ್ಷರಗಳ ತಂಟೆಗೆ ಹೋಗಲಿಲ್ಲ. ಕಳಿಸಬೇಕಾದ ಮಾತು "ಹಣ". ಅಂದರೆ 48, 30.

ಈಗ ಬೀಗ. 5 ಮತ್ತು 11 ಎರಡೂ ಅವಿಭಾಜ್ಯ ಸಂಖ್ಯೆಗಳು. ಗುಣಿಸಿದರೆ 55. ಈ 55ನ್ನು ಊರಿಗೆಲ್ಲ ಹೇಳಬಹುದು. ಇನ್ನು ಮುಂದೆ ನಾವು ಏನೇ ಗುಣಿಸಿದರೂ ಅದನ್ನು 55ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. ಹಾಗಾಗಿ ಲೆಕ್ಕ ಎಂದೂ 54ನ್ನು ದಾಟುವುದಿಲ್ಲ. ಕಳಿಸುವ ಸಂಖ್ಯೆಯೂ 55ಕ್ಕಿಂತ ಚಿಕ್ಕದಿರಬೇಕು. 60ನ್ನು ಕಳಿಸಿದರೆ ಆ ಕಡೆ ಸಿಗುವುದು 5. ನಮ್ಮ ಅಕ್ಷರಗಳು 49ಕ್ಕೆ ಮುಗಿಯುವುದರಿಂದ ತೊಂದರೆಯಿಲ್ಲ.

ಎರಡೂ ಅವಿಭಾಜ್ಯಗಳಿಂದ ಒಂದೊಂದು ಕಳೆದು ಗುಣಿಸಿದರೆ 4 × 10, ಅಂದರೆ 40. ಇದು ಎಲ್ಲಿಂದ ಬಂತು? 1ರಿಂದ 55ರವರೆಗಿನ ಸಂಖ್ಯೆಗಳಲ್ಲಿ 5ರ ಗುಣಕಗಳು 11, 11ರ ಗುಣಕಗಳು 5, ಎರಡರಲ್ಲೂ ಸೇರಿದ್ದು 55 ಒಂದೇ. ಇವನ್ನು ತೆಗೆದರೆ ಉಳಿಯುವುದು 40. 55ರ ಜೊತೆ 1ರ ಹೊರತು ಯಾವ ಅಪವರ್ತನವನ್ನೂ ಹಂಚಿಕೊಳ್ಳದ ಸಂಖ್ಯೆಗಳ ಲೆಕ್ಕ ಇದು. 55 ಎಲ್ಲರಿಗೂ ಗೊತ್ತಿದ್ದರೂ, 5 ಮತ್ತು 11 ಗೊತ್ತಿಲ್ಲದವರಿಗೆ 40 ಸಿಗುವ ಸುಲಭ ದಾರಿಯಿಲ್ಲ. ಇದರ ತಿರುವುಮುರುವೂ ನಿಜ. ಹೇಗೋ 40 ಒಂದೇ ಹೊರಬಿದ್ದರೂ ಸಾಕು: 55ರಿಂದ 40 ಕಳೆದು 1 ಕೂಡಿಸಿದರೆ 16. ಕೂಡಿದರೆ 16, ಗುಣಿಸಿದರೆ 55 ಆಗುವ ಎರಡು ಸಂಖ್ಯೆ ಯಾವುವೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ.

ಮುಂದೆ ಬೇಕಾದದ್ದು ಹಾಕುವ ಘಾತ, ಅಂದರೆ ಅಕ್ಷರದ ಸಂಖ್ಯೆಯನ್ನು ಎಷ್ಟು ಸಲ ತನ್ನಿಂದಲೇ ಗುಣಿಸಬೇಕು ಎಂಬುದು. ತಂಗಿಯ ಮಗಳು 5 ಎಂದಳು. ನಾನು ತಡೆಯಲಿಲ್ಲ. ಅ ಅಕ್ಷರದ 1ನ್ನು ಐದು ಸಲ ಗುಣಿಸಿದರೆ 1. ಸರಿ. ಕ ಅಕ್ಷರದ 16ನ್ನು ಗುಣಿಸುತ್ತ ಹೋದೆವು. 16ರ ವರ್ಗ 256, 55ರಿಂದ ಭಾಗಿಸಿದರೆ ಶೇಷ 36. ಅದರ ವರ್ಗ 1296, ಶೇಷ 31. ಅದನ್ನು ಇನ್ನೊಂದು 16ರಿಂದ ಗುಣಿಸಿದರೆ 496, ಶೇಷ 1. ಅ ಹೋದರೂ 1, ಕ ಹೋದರೂ 1! ಈ 1 ಕೈಗೆ ಬಂದಾಗ ಅದು ಅ ಆಗಿತ್ತೋ ಕ ಆಗಿತ್ತೋ ಎಂದು ದೇವರೂ ಹೇಳಲಾರ. 40ನ್ನು 5 ನಿಶ್ಶೇಷವಾಗಿ ಭಾಗಿಸುವುದೇ ಇದಕ್ಕೆ ಕಾರಣ. ಘಾತಕ್ಕೂ 40ಕ್ಕೂ 1ರ ಹೊರತು ಸಾಮಾನ್ಯ ಅಪವರ್ತನ ಇರಕೂಡದು. ಇದ್ದರೆ ಬೀಗ ಬೀಳುತ್ತದೆ, ಯಾವ ಕೀಲಿಗೂ ತೆರೆಯುವುದಿಲ್ಲ. 7ಕ್ಕೆ ಆ ದೋಷವಿಲ್ಲ. ಹಾಗಾಗಿ 55 ಮತ್ತು 7, ಇವೆರಡು ನಮ್ಮ ಸಾರ್ವಜನಿಕ ಕೀಲಿ.

ಇನ್ನು ತೆಗೆಯುವ ಘಾತ. 7ರಿಂದ ಗುಣಿಸಿದಾಗ 40ರ ಯಾವುದಾದರೂ ಗುಣಕಕ್ಕಿಂತ ಸರಿಯಾಗಿ 1 ಹೆಚ್ಚಾಗುವ ಸಂಖ್ಯೆ ಅದು. 41, 81, 121, 161 ಎಂದು ಒಂದೊಂದನ್ನೇ 7ರಿಂದ ಭಾಗಿಸಿ ನೋಡಿದರೆ ಇಲ್ಲಿ ಬೇಗ ಸಿಗುತ್ತದೆ. ಆರುನೂರು ಅಂಕಿಯ ಸಂಖ್ಯೆಯಲ್ಲಿ ಹಾಗೆ ಹುಡುಕಿದರೆ ಜನ್ಮ ಜನ್ಮಾಂತರ ಸಾಲದು. ಇದಕ್ಕೆ ಬೇರೆಯೇ ಒಂದು ವಿಧಾನವಿದೆ, ಅದು ನಮ್ಮದೇ ಹಳೆಯ ಲೆಕ್ಕ ಎಂಬುದು ನನಗೆ ಪ್ರತಿಸಲವೂ ರೋಮಾಂಚನ ತರುವ ಸಂಗತಿ.

ಆರ್ಯಭಟ 499ರ ಆರ್ಯಭಟೀಯದಲ್ಲಿ ಇದನ್ನು ಕೊಟ್ಟ. ಮುಂದಿನವರು ಅದನ್ನು ಕುಟ್ಟಕ ಎಂದು ಕರೆದರು. ಕುಟ್ಟುವುದು ಎಂದರೆ ಏನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ: ದೊಡ್ಡ ಸಂಖ್ಯೆಗಳನ್ನು ಒಂದರಿಂದ ಒಂದನ್ನು ಭಾಗಿಸುತ್ತ ಪುಡಿಮಾಡುವುದು. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಇದಕ್ಕೆ ವಲ್ಲಿಕಾ ಕುಟ್ಟೀಕಾರ ಎಂದು ಹೆಸರಿಟ್ಟು ಸಾಕಷ್ಟು ಲೆಕ್ಕಗಳನ್ನು ಕೊಟ್ಟಿದ್ದಾನೆ. ಆ ಗ್ರಂಥದ ಆರಂಭದಲ್ಲೇ ಅಮೋಘವರ್ಷ ನೃಪತುಂಗನ ಹೊಗಳಿಕೆಯಿದೆ. ನೃಪತುಂಗನ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ವಲ್ಲಿ ಎಂದರೆ ಬಳ್ಳಿ. ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬರೆದಾಗ ಅದು ಇಳಿಬಿದ್ದ ಬಳ್ಳಿಯಂತೆ ಕಾಣುತ್ತದೆ.

ಆ ಜಾಡಿನಲ್ಲೇ ನಾವೂ ಕುಟ್ಟಿದೆವು. 40ನ್ನು 7ರಿಂದ ಭಾಗಿಸಿದರೆ ಭಾಗಲಬ್ಧ 5, ಶೇಷ 5. 7ನ್ನು ಆ ಶೇಷ 5ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 2. 5ನ್ನು 2ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 1. ಶೇಷ 1 ಆಯಿತು, ಕುಟ್ಟುವುದು ಮುಗಿಯಿತು. ಭಾಗಲಬ್ಧಗಳ ಬಳ್ಳಿ ಮೇಲಿನಿಂದ ಕೆಳಕ್ಕೆ 5, 1, 2. ಅದರ ತುದಿಗೆ ಒಂದು 1 ಸೇರಿಸಿ ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಪ್ರತಿಸಲವೂ ಮೇಲಿನ ಸಂಖ್ಯೆಯನ್ನು ಅದರ ಕೆಳಗಿನದರಿಂದ ಗುಣಿಸಿ, ಅದಕ್ಕೂ ಕೆಳಗಿನದನ್ನು ಕೂಡಿಸುವುದು. 1 × 2 + 1 = 3. ಮುಂದೆ 5 × 3 + 2 = 17. ಪರೀಕ್ಷಿಸಿ: 7 × 17 = 119, ಅದು 120ಕ್ಕೆ ಒಂದು ಕಮ್ಮಿ. ನಮಗೆ ಬೇಕಾದದ್ದು ಒಂದು ಹೆಚ್ಚು. ಬಳ್ಳಿಯಲ್ಲಿ ಭಾಗಲಬ್ಧಗಳು ಬೆಸ ಸಂಖ್ಯೆಯಲ್ಲಿದ್ದಾಗ ಹೀಗೇ ಆಗುತ್ತದೆ, ಆಗ ಸಿಕ್ಕ ಉತ್ತರವನ್ನು 40ರಿಂದ ಕಳೆದರಾಯಿತು. 40 − 17 = 23. ಈಗ 7 × 23 = 161, ಅಂದರೆ ನಾಲ್ಕು ನಲವತ್ತು ಮತ್ತು ಒಂದು. 23 ನಮ್ಮ ಖಾಸಗಿ ಕೀಲಿ.

ಮೂರೇ ಸಾಲು. ಸಂಖ್ಯೆ ಆರುನೂರು ಅಂಕಿಯದಾದರೂ ಕುಟ್ಟುವ ಸಾಲುಗಳು ಒಂದೆರಡು ಸಾವಿರವಾಗಬಹುದು, ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಆದರೆ ಕುಟ್ಟಲು ಒರಳಿಗೆ 40ನ್ನು ಹಾಕಬೇಕು. ಹೊರಗಿನವರ ಕೈಯಲ್ಲಿರುವುದು 55 ಮಾತ್ರ. ಮಾಲೀಕನಿಗೂ ಕಳ್ಳನಿಗೂ ಇರುವ ವ್ಯತ್ಯಾಸ ಇಷ್ಟೇ.

ಈಗ "ಹಣ" ಕಳಿಸೋಣ. ಹ ಎಂದರೆ 48, ಅದರ ಏಳನೆಯ ಘಾತ ಬೇಕು. 48 × 48 = 2304, 55ರಿಂದ ಭಾಗಿಸಿದರೆ ಶೇಷ 49. ಇದು ಎರಡನೆಯ ಘಾತ. ಅದನ್ನೇ ಮತ್ತೆ ವರ್ಗ ಮಾಡಿದರೆ 2401, ಶೇಷ 36. ಇದು ನಾಲ್ಕನೆಯದು. ನಾಲ್ಕನೆಯದನ್ನೂ ಎರಡನೆಯದನ್ನೂ ಗುಣಿಸಿದರೆ 36 × 49 = 1764, ಶೇಷ 4. ಇದು ಆರನೆಯದು. ಇನ್ನೊಂದು 48ರಿಂದ ಗುಣಿಸಿದರೆ 192, ಶೇಷ 27. ಹ ಹೋಗಿ 27 ಆಯಿತು. ಇದೇ ರೀತಿ ಣ, ಅಂದರೆ 30: ವರ್ಗದ ಶೇಷ 20, ನಾಲ್ಕನೆಯದು 15, ಆರನೆಯದು 25, ಏಳನೆಯದು 35. ನಮ್ಮ ಪಟ್ಟಿಯಲ್ಲಿ 27 ಎಂದರೆ ಠ, 35 ಎಂದರೆ ನ. "ಹಣ" ಎಂದು ಬರೆದದ್ದು "ಠನ" ಎಂದು ಹೊರಟಿತು.

ತೆಗೆಯುವವರು 27ನ್ನು 23ನೆಯ ಘಾತಕ್ಕೆ ಏರಿಸಬೇಕು. 23 ಸಲ ಗುಣಿಸುವ ಕಷ್ಟ ಬೇಡ. ವರ್ಗ ಮಾಡುತ್ತ ಹೋದರೆ ಎರಡನೆಯ ಘಾತ 14, ನಾಲ್ಕನೆಯದು 31, ಎಂಟನೆಯದು 26, ಹದಿನಾರನೆಯದು 16. 23 ಎಂದರೆ 16, 4, 2, 1 ಇವುಗಳ ಮೊತ್ತ. ಆದ್ದರಿಂದ 16 × 31 = 496, ಶೇಷ 1. ಅದನ್ನು 14ರಿಂದ ಗುಣಿಸಿದರೆ 14. ಅದನ್ನು 27ರಿಂದ ಗುಣಿಸಿದರೆ 378, ಶೇಷ 48. ಹ ವಾಪಸು ಬಂತು! 35ನ್ನೂ ಹಾಗೇ ಏರಿಸಿದರೆ 30 ಸಿಗುತ್ತದೆ, ಓದುಗರು ಕಾಗದ ತೆಗೆದುಕೊಂಡು ಮಾಡಿ ನೋಡಬಹುದು. ಕಂಪ್ಯೂಟರಿನಲ್ಲಿ ಪೈಥಾನ್ ಇದ್ದರೆ ಮೂರು ಸಾಲಿನಲ್ಲಿ ಎಲ್ಲವನ್ನೂ ತಾಳೆ ನೋಡಬಹುದು:

```
pow(7, -1, 40)    # 23
pow(48, 7, 55)    # 27
pow(27, 23, 55)   # 48
```

ಮೇಲಿನ ಲೆಕ್ಕದ ನಡುವೆ ಒಂದು ಕಡೆ ಶೇಷ 1 ಬಂತಲ್ಲ, ತಂಗಿಯ ಮಗಳ ಕಣ್ಣು ಅಲ್ಲೇ ನಿಂತಿತು. ಹದಿನಾರನೆಯ ಘಾತವನ್ನು ನಾಲ್ಕನೆಯದರಿಂದ ಗುಣಿಸಿದ್ದೆವು, ಅಂದರೆ ಅದು 27ರ ಇಪ್ಪತ್ತನೆಯ ಘಾತ. ಅದು 1. ಅಲ್ಲಿಂದ ಮುಂದೆ ಗುಣಿಸಿದರೆ ಮತ್ತೆ 27, 14, 48, 31 ಎಂದು ಮೊದಲಿನಿಂದಲೇ ಶುರು. ಸಂವತ್ಸರಗಳ ಹಾಗೆ. ಪ್ರಭವದಲ್ಲಿ ಹುಟ್ಟಿದವರಿಗೆ ಅರವತ್ತು ತುಂಬಿದಾಗ ಮತ್ತೆ ಪ್ರಭವ ಬರುತ್ತದೆ. ಅರವತ್ತೊಂದು ವರ್ಷ ಮುಂದೆ ಹೋಗುವುದೂ ಒಂದೇ, ಒಂದು ವರ್ಷ ಮುಂದೆ ಹೋಗುವುದೂ ಒಂದೇ, ಹೆಸರು ವಿಭವವೇ.

ಆರ್‌ಎಸ್‌ಎ ನಡೆಯುವುದು ಈ ಸುತ್ತಿನ ಮೇಲೆ. 55ರ ಶೇಷಗಳಲ್ಲಿ ಘಾತ ಏರಿಸುತ್ತ ಹೋದರೆ ಯಾವ ಸಂಖ್ಯೆಯಾದರೂ ಒಂದಲ್ಲ ಒಂದು ಸುತ್ತಿನಲ್ಲಿ ತಿರುಗುತ್ತದೆ, ಆ ಸುತ್ತಿನ ಉದ್ದ 40ನ್ನು ಯಾವಾಗಲೂ ನಿಶ್ಶೇಷವಾಗಿ ಭಾಗಿಸುತ್ತದೆ. ಮೊದಲು 7ನೆಯ ಘಾತ, ಅದರ ಮೇಲೆ 23ನೆಯ ಘಾತ, ಒಟ್ಟು 161ನೆಯ ಘಾತ. 161 ಎಂದರೆ ಪೂರ್ಣ ಸುತ್ತುಗಳು ಮುಗಿದು ಒಂದು ಹೆಜ್ಜೆ. ಒಂದನೆಯ ಘಾತ ಎಂದರೆ ಅದೇ ಸಂಖ್ಯೆ. 48 ಮನೆಗೆ ಬಂದದ್ದು ಹೀಗೆ. ಬೀಗ ಹಾಕಿದವರು ಸಂಖ್ಯೆಯನ್ನು ಸುತ್ತಿನಲ್ಲಿ ಒಂದಿಷ್ಟು ದೂರ ಒಯ್ದು ಬಿಟ್ಟಿದ್ದರು, ಕೀಲಿ ಇರುವವರು ಸುತ್ತನ್ನು ಪೂರ್ತಿ ಮಾಡಿದರು. ಸುತ್ತು ಎಷ್ಟು ಉದ್ದ ಎಂದು ಗೊತ್ತಿಲ್ಲದವರಿಗೆ ಇನ್ನೆಷ್ಟು ದೂರ ನಡೆಯಬೇಕೆಂದು ತಿಳಿಯದು.

"ಹಾಗಾದ್ರೆ 23 ಯಾಕೆ, ಮಾವ? 27, 14, 48. ಮೂರನೇ ಘಾತಕ್ಕೇ 48 ಬಂತಲ್ಲ?"

ಅವಳು ಹೇಳಿದ್ದು ನೂರಕ್ಕೆ ನೂರು ನಿಜ, ನನಗೆ ಬಹಳ ಸಂತೋಷವಾಯಿತು. 4 ಮತ್ತು 10ರ ಗುಣಲಬ್ಧ 40 ಆದರೂ ಅವುಗಳ ಲ.ಸಾ.ಅ. 20. ಎಲ್ಲ ಸುತ್ತುಗಳೂ ಇಪ್ಪತ್ತರಲ್ಲೇ ಮುಗಿಯುತ್ತವೆ. 7 × 3 = 21, ಇಪ್ಪತ್ತಕ್ಕೆ ಒಂದು ಹೆಚ್ಚು. ಹಾಗಾಗಿ 3 ಕೂಡ ಈ ಬೀಗಕ್ಕೆ ಪೂರ್ಣ ಕೀಲಿ. ಈಗಿನ ಮಾನದಂಡಗಳು ಗುಣಲಬ್ಧದ ಬದಲು ಲ.ಸಾ.ಅ.ವನ್ನೇ ಬಳಸುತ್ತವೆ. ಜೊತೆಗೆ, ಖಾಸಗಿ ಘಾತ ತೀರ ಚಿಕ್ಕದಾಗಿದ್ದರೆ ಅವಿಭಾಜ್ಯಗಳನ್ನು ಹುಡುಕದೆಯೇ ಬೀಗ ಒಡೆಯಬಹುದೆಂದು ಮೈಕೆಲ್ ವೀನರ್ 1990ರಲ್ಲಿ ತೋರಿಸಿದರು. 3ರಂಥ ಕೀಲಿಯನ್ನು ಯಾರೂ ಇಟ್ಟುಕೊಳ್ಳಬಾರದು.

ಆಮೇಲೆ ಅವಳು ಬೇರೆ ಬೇರೆ ಪದಗಳನ್ನು ಹಾಕುತ್ತ ಕೂತಳು. "ವಶ" ಎಂದು ಹಾಕಿದಾಗ ನೋಟ್‌ಬುಕ್ ನನ್ನ ಕಡೆ ತಿರುಗಿಸಿದಳು. ವ, 44, ಏಳನೆಯ ಘಾತಕ್ಕೆ ಏರಿಸಿದರೆ 44. ಶ, 45, ಏರಿಸಿದರೆ 45. ಬೀಗ ಹಾಕಿಯೂ "ವಶ" ಎಂಬ ಮಾತು "ವಶ" ಎಂದೇ ಬೀದಿಯಲ್ಲಿ ನಡೆದುಹೋಗುತ್ತದೆ. ಲೆಕ್ಕ ತಪ್ಪಿಲ್ಲ. 5ರಿಂದ ಭಾಗಿಸಿದಾಗ ಶೇಷ 0, 1 ಅಥವಾ 4 ಬಂದು, 11ರಿಂದ ಭಾಗಿಸಿದಾಗ ಶೇಷ 0, 1 ಅಥವಾ 10 ಬರುವ ಸಂಖ್ಯೆಗಳನ್ನು ಎಷ್ಟನೆಯ ಬೆಸ ಘಾತಕ್ಕೆ ಏರಿಸಿದರೂ ಅವು ಅಲ್ಲಾಡುವುದಿಲ್ಲ. ಅಂಥವು ಒಂಬತ್ತು: 0, 1, 10, 11, 21, 34, 44, 45, 54. ಎಂಥ ಆರ್‌ಎಸ್‌ಎ ಬೀಗದಲ್ಲೂ ಇಂಥ ಒಂಬತ್ತಾದರೂ ಇದ್ದೇ ಇರುತ್ತವೆ. 55ರಲ್ಲಿ ಒಂಬತ್ತು ಎಂದರೆ ಆರಕ್ಕೆ ಒಂದು, ದೊಡ್ಡ ಅನಾಹುತ. ಆರುನೂರು ಅಂಕಿಯ ಸಂಖ್ಯೆಯೊಳಗೆ ಒಂಬತ್ತು ಎಂದರೆ ಎದುರಾಗುವ ಭಯವೇ ಇಲ್ಲ.

ಇದಕ್ಕಿಂತ ಗಂಭೀರವಾದ ದೋಷ ಬೇರೆ ಇದೆ, ಅದು ಸಂಖ್ಯೆ ದೊಡ್ಡದಾದರೂ ಹೋಗುವುದಿಲ್ಲ. ನಾವು ಒಂದೊಂದೇ ಅಕ್ಷರಕ್ಕೆ ಬೀಗ ಹಾಕಿದೆವು. ಸಾರ್ವಜನಿಕ ಕೀಲಿ ಕಳ್ಳನ ಬಳಿಯೂ ಇದೆ. ಅವನು 55ನ್ನು ಒಡೆಯುವ ಗೊಡವೆಗೇ ಹೋಗುವುದಿಲ್ಲ. ಅ, ಆ, ಇ ಎಂದು 49 ಅಕ್ಷರಗಳಿಗೂ ತಾನೇ ಬೀಗ ಹಾಕಿ ಒಂದು ಪಟ್ಟಿ ಮಾಡಿಕೊಳ್ಳುತ್ತಾನೆ. ಆಮೇಲೆ 27 ಕಂಡರೆ ಹ, 35 ಕಂಡರೆ ಣ. ಹೌದು, ಇಲ್ಲ ಎಂಬ ಎರಡೇ ಉತ್ತರ ಇರುವ ಕಡೆ ಅವನಿಗೆ ಎರಡೇ ಸಾಲಿನ ಪಟ್ಟಿ ಸಾಕು. ಆದ್ದರಿಂದ ನಿಜವಾದ ಬಳಕೆಯಲ್ಲಿ ಮಾತಿನ ಜೊತೆ ಪ್ರತಿಸಲವೂ ಹೊಸದಾದ, ಗೊತ್ತುಗುರಿಯಿಲ್ಲದ ಅಂಕಿಗಳನ್ನು ಬೆರೆಸಿ, ಇಡೀ ಗಂಟನ್ನು ಒಂದೇ ದೊಡ್ಡ ಸಂಖ್ಯೆ ಮಾಡಿ ಬೀಗ ಹಾಕುತ್ತಾರೆ. ಆಗ ಒಂದೇ ಮಾತನ್ನು ಎರಡು ಸಲ ಕಳಿಸಿದರೂ ಹೊರಗೆ ಎರಡು ಬೇರೆ ಸಂಖ್ಯೆಗಳು ಕಾಣುತ್ತವೆ. ಆರ್‌ಎಸ್‌ಎ ಬಳಸಿದ್ದೇವೆ ಎಂದು ಹೇಳಿಕೊಂಡು ಈ ಬೆರಕೆಯನ್ನು ಬಿಟ್ಟವರು ಬೀಗವನ್ನೇ ಹಾಕಿಲ್ಲ ಎಂದು ತಿಳಿಯಬೇಕು.

ಅಕ್ಷರಗಳನ್ನು ಕೂಡಿಸಿ ಒಂದೇ ಸಂಖ್ಯೆ ಮಾಡುವ ಪದ್ಧತಿ ಮೊದಲ ದಿನಗಳಿಂದಲೇ ಇತ್ತು. 1977ರ ಆಗಸ್ಟ್‌ನಲ್ಲಿ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಆರ್‌ಎಸ್‌ಎಯನ್ನು ಪರಿಚಯಿಸಿದಾಗ, ಓದುಗರಿಗೆ ಒಂದು ಸವಾಲನ್ನೂ ಕೊಟ್ಟಿದ್ದರು. ನಾವು ಮಾಡಿದ ಹಾಗೇ ಇಂಗ್ಲಿಷ್ ಅಕ್ಷರಮಾಲೆಗೆ 01, 02 ಎಂದು ಎರಡೆರಡು ಅಂಕಿ ಕೊಟ್ಟು, ಪದಗಳ ನಡುವಿನ ಜಾಗಕ್ಕೆ 00 ಇಟ್ಟು, ಇಡೀ ವಾಕ್ಯವನ್ನು ಒಂದೇ ಸಂಖ್ಯೆಯಾಗಿ ಪೋಣಿಸಲಾಗಿತ್ತು. ನಮ್ಮ 55ರ ಜಾಗದಲ್ಲಿ 129 ಅಂಕಿಗಳ ಸಂಖ್ಯೆ, ನಮ್ಮ 7ರ ಜಾಗದಲ್ಲಿ 9007. ಬಿಡಿಸಿದವರಿಗೆ 100 ಡಾಲರ್. ಇದಕ್ಕೆ ಕೋಟಿ ಕೋಟಿ ವರ್ಷ ಬೇಕಾಗಬಹುದೆಂಬ ಅಂದಾಜೂ ಆ ಅಂಕಣದಲ್ಲಿತ್ತು.

ಹದಿನೇಳು ವರ್ಷಕ್ಕೆ, 1994ರ ಏಪ್ರಿಲ್‌ನಲ್ಲಿ, ಅದು ಬಿಚ್ಚಿತು. ಕಂಪ್ಯೂಟರುಗಳು ವೇಗವಾದದ್ದು ಒಂದು ಕಾರಣ. ಅಪವರ್ತನ ಹುಡುಕುವ ವಿಧಾನಗಳೇ ಚುರುಕಾದದ್ದು ಅದಕ್ಕಿಂತ ದೊಡ್ಡ ಕಾರಣ. ಡೆರೆಕ್ ಆಟ್ಕಿನ್ಸ್, ಮೈಕೆಲ್ ಗ್ರಾಫ್, ಪಾಲ್ ಲೇಲ್ಯಾಂಡ್, ಆರ್ಯನ್ ಲೆನ್‌ಸ್ಟ್ರಾ ಎಂಬ ನಾಲ್ವರು ಮುಂದೆ ನಿಂತು, ಸುಮಾರು 600 ಮಂದಿ ಸ್ವಯಂಸೇವಕರ ಕಂಪ್ಯೂಟರುಗಳಿಗೆ ಅಂತರ್ಜಾಲದ ಮೂಲಕ ಕೆಲಸ ಹಂಚಿ, ಎಂಟು ತಿಂಗಳಲ್ಲಿ ಆ 129 ಅಂಕಿಯ ಸಂಖ್ಯೆಯನ್ನು 64 ಮತ್ತು 65 ಅಂಕಿಗಳ ಎರಡು ಅವಿಭಾಜ್ಯಗಳಾಗಿ ಒಡೆದರು. ಒಡೆದ ಮೇಲೆ ಉಳಿದದ್ದು ನಾವು ಮಾಡಿದ್ದೇ: ಒಂದೊಂದು ಕಳೆದು ಗುಣಿಸುವುದು, ಕುಟ್ಟುವುದು, ಘಾತ ಏರಿಸುವುದು. ಹೊರಬಂದದ್ದು ಮಂತ್ರದ ಮಾತುಗಳ ಬಗ್ಗೆ ಒಂದು ಅರ್ಥವಿಲ್ಲದ ಇಂಗ್ಲಿಷ್ ವಾಕ್ಯ, ಒಂದು ಬಗೆಯ ರಣಹದ್ದಿನ ಹೆಸರು ಅದರಲ್ಲಿತ್ತು. 2020ರಲ್ಲಿ 250 ಅಂಕಿಯ ಸಂಖ್ಯೆಯನ್ನೂ ಒಡೆದಿದ್ದಾರೆ. ಈಗ ಸಾಮಾನ್ಯವಾಗಿ ಬಳಸುವುದು 2048 ಬಿಟ್ಟಿನ ಸಂಖ್ಯೆ, ದಶಮಾನದಲ್ಲಿ 617 ಅಂಕಿ. ಹಾಕುವ ಘಾತ ಮಾತ್ರ ಇಂದಿಗೂ ಚಿಕ್ಕದೇ, ಬಹುತೇಕ ಎಲ್ಲ ಕಡೆ 65537. ಅದು ಎರಡರ ಹದಿನಾರನೆಯ ಘಾತಕ್ಕೆ ಒಂದು ಹೆಚ್ಚು, ಹಾಗಾಗಿ ಹದಿನಾರು ಸಲ ವರ್ಗ ಮಾಡಿ ಒಂದು ಸಲ ಗುಣಿಸಿದರೆ ಕೆಲಸ ಮುಗಿಯುತ್ತದೆ.

ಮುನ್ನೂರು ಅಂಕಿಯ ಅವಿಭಾಜ್ಯ ಎಲ್ಲಿ ಸಿಗುತ್ತದೆ ಎಂದು ಕೇಳಬಹುದು. ಅವು ಅಪರೂಪವೇನಲ್ಲ. ಆ ಗಾತ್ರದಲ್ಲಿ ಹೆಚ್ಚುಕಡಿಮೆ ಏಳುನೂರಕ್ಕೆ ಒಂದು ಅವಿಭಾಜ್ಯ. ಕಣ್ಣುಮುಚ್ಚಿ ಒಂದು ಬೆಸ ಸಂಖ್ಯೆಯನ್ನು ಎತ್ತಿ, ಪರೀಕ್ಷಿಸಿ, ಅಲ್ಲದಿದ್ದರೆ ಇನ್ನೊಂದನ್ನು ಎತ್ತುವುದು. ಅವಿಭಾಜ್ಯ ಹೌದೋ ಅಲ್ಲವೋ ಎಂದು ಪರೀಕ್ಷಿಸುವುದು ಸುಲಭ, ಅಲ್ಲ ಎಂದಾದರೆ ಅದರ ಅಪವರ್ತನಗಳು ಯಾವುವು ಎಂದು ಹೇಳುವುದು ಕಷ್ಟ. ಆ ಕಷ್ಟವೇ ಈ ಬೀಗದ ಬಲ.

ಕಣ್ಣುಮುಚ್ಚಿ ಎತ್ತಬೇಕು ಎಂದೆನಲ್ಲ, ತಪ್ಪುವುದು ಅಲ್ಲೇ. 2012ರಲ್ಲಿ ಸಂಶೋಧಕರ ಎರಡು ತಂಡಗಳು ಅಂತರ್ಜಾಲದಲ್ಲಿ ಸಿಗುವ ಸಾರ್ವಜನಿಕ ಕೀಲಿಗಳನ್ನು ಲಕ್ಷಗಟ್ಟಲೆ ಒಟ್ಟುಹಾಕಿ ಒಂದಕ್ಕೊಂದು ಹೋಲಿಸಿದವು. ಕೆಲವು ಜೋಡಿಗಳಲ್ಲಿ ಒಂದು ಅವಿಭಾಜ್ಯ ಎರಡೂ ಕಡೆ ಒಂದೇ ಆಗಿತ್ತು. ಹೆಚ್ಚಿನವು ರೂಟರ್, ಫೈರ್‌ವಾಲ್‌ಗಳಂಥ ಪೆಟ್ಟಿಗೆಗಳ ಕೀಲಿಗಳು. ಅವು ಮೊದಲ ಸಲ ಚಾಲೂ ಆದ ಕೂಡಲೆ ಕೀಲಿ ತಯಾರಿಸಿಕೊಳ್ಳುತ್ತವೆ, ಆ ಹೊತ್ತಿನಲ್ಲಿ ಅವುಗಳ ಬಳಿ ಗೊತ್ತುಗುರಿಯಿಲ್ಲದ ಅಂಕಿಗಳ ದಾಸ್ತಾನು ಸಾಕಷ್ಟು ಇರುವುದಿಲ್ಲ. ಹಾಗಾಗಿ ಬೇರೆ ಬೇರೆ ಊರಿನ ಪೆಟ್ಟಿಗೆಗಳು ಅದೇ ಅವಿಭಾಜ್ಯವನ್ನು ಎತ್ತಿಕೊಂಡಿದ್ದವು.

ಇದರ ಪರಿಣಾಮ ಏನೆಂದು ಪುಟ್ಟ ಸಂಖ್ಯೆಗಳಲ್ಲೇ ನೋಡಿ. ಒಬ್ಬರ ಬೀಗ 1147, ಇನ್ನೊಬ್ಬರದು 1271. ಬಿಡಿಬಿಡಿಯಾಗಿ ಎರಡನ್ನೂ ಒಡೆಯಲು ಸ್ವಲ್ಪ ತಿಣುಕಬೇಕು. ಒಂದರಿಂದ ಒಂದನ್ನು ಭಾಗಿಸಿ ಕುಟ್ಟೋಣ. 1271ರಲ್ಲಿ 1147 ಹೋದರೆ ಶೇಷ 124. 1147ನ್ನು 124ರಿಂದ ಭಾಗಿಸಿದರೆ ಶೇಷ 31. 124ನ್ನು 31 ನಿಶ್ಶೇಷವಾಗಿ ಭಾಗಿಸುತ್ತದೆ. ಮುಗಿಯಿತು: 1147 ಎಂದರೆ 31 × 37, 1271 ಎಂದರೆ 31 × 41. ಎರಡು ಬೀಗಗಳೂ ಒಟ್ಟಿಗೆ ಬಿಚ್ಚಿದವು, ಯಾವುದನ್ನೂ ಒಡೆಯಲಿಲ್ಲ. 617 ಅಂಕಿಯ ಸಂಖ್ಯೆಗಳಿದ್ದರೂ ಇದು ಕ್ಷಣದ ಕೆಲಸ. ಆ ಎರಡರಲ್ಲಿ ಒಂದು ತಂಡ, ತಾನು ಪರೀಕ್ಷಿಸಿದ ಸುರಕ್ಷಿತ ಜಾಲತಾಣಗಳ ಸರ್ವರ್‌ಗಳಲ್ಲಿ ಇನ್ನೂರಕ್ಕೆ ಒಂದರಂತೆ ಖಾಸಗಿ ಕೀಲಿಗಳನ್ನು ಹೀಗೆ ಹೊರತೆಗೆಯಿತು. ಮಾಲೀಕನಿಗೆ ಮೂರು ಸಾಲಿನಲ್ಲಿ 23ನ್ನು ಕೊಟ್ಟ ಅದೇ ಕುಟ್ಟಾಣಿ, ಅಜಾಗರೂಕರ ಬೀಗವನ್ನು ಅಷ್ಟೇ ಸಾಲುಗಳಲ್ಲಿ ಪುಡಿಮಾಡಿತು.

ಸಂಜೆ ಹೊರಡುವ ಮುಂಚೆ ನಾನು 55ರ ಬೀಗವನ್ನು ಕೈಬಿಟ್ಟು ಹೊಸದೊಂದನ್ನು ಮಾಡಿ, ಅದರ ಸಾರ್ವಜನಿಕ ಕೀಲಿಯನ್ನು ತಂಗಿಯ ಮಗಳಿಗೆ ಬರೆದುಕೊಟ್ಟೆ: 77 ಮತ್ತು 17. ಅಕ್ಷರಗಳ ಪಟ್ಟಿ ಹಳೆಯದೇ. ಈ ಲೆಕ್ಕವೆಲ್ಲ ಹೇಗಿತ್ತು ಎಂದು ಕೇಳಿದ್ದಕ್ಕೆ ರಾತ್ರಿ ಅವಳಿಂದ ಫೋನಿಗೆ ಉತ್ತರ ಬಂತು, ಮೂರಕ್ಷರದ ಒಂದು ಪದ. 77ನ್ನು ಒಡೆದು, ಮೂರು ಸಾಲು ಕುಟ್ಟಿ, ಸಿಕ್ಕ ಘಾತಕ್ಕೆ ಏರಿಸಿದರೆ ಅದು ನಿಮಗೂ ಓದಲು ಸಿಗುತ್ತದೆ: 31, 70, 14.